ಚೀಟಿಗಳ ಲೆಕ್ಕದಲ್ಲಿ 18 ಕಮ್ಮಿ ಬಂದರೆ ಎಲ್ಲಿ ಹುಡುಕಬೇಕು

ತಿಂಗಳ ಕೊನೆಗೆ ಕೈಬರಹದ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತವರು ಮೊದಲು ಏನು ಮಾಡುತ್ತಾರೆ ಗೊತ್ತಾ? ಅಡುಗೆಯದ್ದು ಒಂದು ರಾಶಿ, ರಿಪೇರಿಯದ್ದು ಒಂದು ರಾಶಿ, ಮಕ್ಕಳ ಓದಿನದ್ದು ಒಂದು ರಾಶಿ ಅಂತ ಹಾಕುತ್ತಾ ಹೋಗುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಅಂಗಡಿಯವರು ನಮ್ಮ ರಾಶಿ ನೋಡಿ ಚೀಟಿ ಬರೆಯುವುದಿಲ್ಲವಲ್ಲ! ಒಂದೇ ಚೀಟಿಯಲ್ಲಿ ಅಡುಗೆ ಸಾಮಾನೂ ಇರುತ್ತದೆ, ಸೋಪೂ ಇರುತ್ತದೆ, ನೋಟ್‌ಬುಕ್ಕೂ ಇರುತ್ತದೆ. ಅದು ಯಾವ ರಾಶಿಗೆ ಹೋಗಬೇಕು? ಕೊನೆಗೆ ಜಾಸ್ತಿ ಇರುವ ಕಡೆಗೆ ಎಸೆದುಬಿಡುತ್ತೇವೆ. ಆಮೇಲೆ ಅಡುಗೆ ಖರ್ಚು ಯಾಕೆ ಇಷ್ಟು ಏರಿತು ಅಂತ ತಲೆ ಕೆಡಿಸಿಕೊಳ್ಳುತ್ತೇವೆ.

ಹಾಗಾಗಿ ಚೀಟಿಗಳನ್ನು ವಿಂಗಡಿಸಲು ಹೋಗಬೇಡಿ. ತಾರೀಖಿನ ಪ್ರಕಾರ ಜೋಡಿಸಿ, ಮೂಲೆಯಲ್ಲಿ 1, 2, 3 ಅಂತ ನಂಬರು ಹಾಕಿ. ವಿಂಗಡಿಸುವುದು ಚೀಟಿಯಲ್ಲಿರುವ ಸಾಲುಗಳನ್ನು. ಅದಕ್ಕೆ ಒಂದು ದೊಡ್ಡ ಹಾಳೆ ಸಾಕು. ಎಡಗಡೆ ಚೀಟಿಯ ನಂಬರು, ಅದರ ಪಕ್ಕ ಚೀಟಿಯ ಒಟ್ಟು ಮೊತ್ತ, ಆಮೇಲೆ ಒಂದೊಂದು ಬಗೆಯ ಖರ್ಚಿಗೆ ಒಂದೊಂದು ಕಾಲಂ. ಕಾಲಂ ಐದಾರು ಇದ್ದರೆ ಚೆಂದ. ಹದಿನೈದು ಮಾಡಿಕೊಂಡವರು ಎರಡನೇ ತಿಂಗಳಿಗೇ ಬಿಟ್ಟುಬಿಡುತ್ತಾರೆ, ನಾನು ನೋಡಿದ್ದೇನೆ.

ಹಾಳೆಗೆ ಇಳಿಸುವ ಮುಂಚೆ ಪ್ರತಿ ಚೀಟಿಯನ್ನೂ ಒಮ್ಮೆ ಕೂಡಿ ನೋಡಬೇಕು. ಕೆಳಗೆ ಬರೆದ ಮೊತ್ತವನ್ನು ಬೆರಳಿನಿಂದ ಮುಚ್ಚಿಕೊಂಡು ಕೂಡಿ. ಇದು ಸಣ್ಣ ಮಾತು ಅನಿಸಬಹುದು, ಆದರೆ ಉತ್ತರ ಕಣ್ಣಿಗೆ ಬೀಳುತ್ತಿದ್ದರೆ ಮನಸ್ಸು ಅದಕ್ಕೇ ಹೊಂದಿಸಿಕೊಂಡುಬಿಡುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಕೂಡಿರುತ್ತಾರೆ, ನೀವು ಕೆಳಗಿನಿಂದ ಮೇಲಕ್ಕೆ ಕೂಡಿ. ಅದೇ ದಾರಿಯಲ್ಲಿ ಹೋದರೆ ಅದೇ ಕಡೆ ಎಡವುವ ಸಾಧ್ಯತೆ ಇರುತ್ತದೆ.

ಒಂದು ಚೀಟಿ ತೆಗೆದುಕೊಳ್ಳೋಣ. ಆರು ಸಾಲು ಇವೆ: 145, 80, 62, 210, 38, 75. ಕೆಳಗೆ ಮೊತ್ತ 590 ಅಂತ ಬರೆದಿದೆ. ನೀವು ಕೂಡಿದರೆ 610 ಬರುತ್ತದೆ. 20 ಎಲ್ಲಿ ಹೋಯಿತು? ಬಿಡಿ ಸ್ಥಾನದ ಅಂಕಿಗಳನ್ನು ಕೂಡಿದರೆ 20. ಸೊನ್ನೆ ಬರೆದು, ಕೈಯಲ್ಲಿ 2 ಇಟ್ಟುಕೊಳ್ಳಬೇಕು. ಬರೆದವರು ಆ 2 ಮರೆತಿದ್ದಾರೆ. ಹತ್ತರ ಸ್ಥಾನ 31 ಆಗಬೇಕಿದ್ದದ್ದು 29 ಆಗಿ ನಿಂತಿದೆ. ವ್ಯತ್ಯಾಸ 10, 20, 100 ಹೀಗೆ ದುಂಡಗೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಈ ಮರೆತ ದಶಕವನ್ನೇ. ಇಲ್ಲಿ ನಷ್ಟ ಅಂಗಡಿಯವರದ್ದು ನೋಡಿ. ಚೀಟಿ ಪರೀಕ್ಷಿಸುವುದು ಅಂದರೆ ನಮಗೆ ಮೋಸ ಆಗಿದೆಯಾ ಅಂತ ಹುಡುಕುವುದು ಅಂದುಕೊಂಡಿರುತ್ತಾರೆ ಜನ. ತಪ್ಪು ಎರಡೂ ಕಡೆಗೂ ಆಗುತ್ತದೆ. ಹಾಳೆಯಲ್ಲಿ 610 ಬರೆದು, ಪಕ್ಕದಲ್ಲಿ "20 ಕೊಡಬೇಕು" ಅಂತ ಗುರುತು ಹಾಕಿ, ಮುಂದಿನ ಸಲ ಕೊಟ್ಟುಬಿಡಿ.

ಅಂಕಿ ಓದಲಾಗದ ಚೀಟಿಗಳೂ ಇರುತ್ತವೆ. 1 ಮತ್ತು 7, 4 ಮತ್ತು 9, 3 ಮತ್ತು 8, ಇವೇ ಜಾಸ್ತಿ ಕಾಟ ಕೊಡುವುದು. ಎಣಿಕೆ, ದರ ಎರಡೂ ಬರೆದಿದ್ದರೆ ಗುಣಿಸಿ ನೋಡಿ. ನಾಲ್ಕು ಕೊಂಡಿದ್ದೀರಿ, ತಲಾ ದರ 11 ಅಂತಲೂ ಓದಬಹುದು, 17 ಅಂತಲೂ ಓದಬಹುದು. ಆ ಸಾಲಿನ ಕೊನೆಯಲ್ಲಿ 68 ಇದ್ದರೆ ಅದು 17, 44 ಇದ್ದರೆ 11. ಇಡೀ ಸಾಲೇ ಮಸುಕಾಗಿದ್ದರೆ ಮೊತ್ತದಿಂದ ಉಳಿದ ಸಾಲುಗಳನ್ನು ಕಳೆದು ಅಂಕಿ ಹಿಡಿಯಬಹುದು. ಆದರೆ ಒಂದು ನೆನಪಿರಲಿ, ಹಾಗೆ ಹಿಡಿದ ಮೇಲೆ ಆ ಚೀಟಿಯ ಮೊತ್ತ ಸರಿಯಿದೆಯಾ ಅಂತ ನೋಡುವ ದಾರಿಯೇ ಇರುವುದಿಲ್ಲ. ಮೊತ್ತವನ್ನು ನಂಬಿಯೇ ಅಂಕಿ ಹಿಡಿದಿರುತ್ತೇವಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಡಿ.

ಇನ್ನು ಕೈಬರಹದ ಚೀಟಿಗಳಲ್ಲಿ ನನ್ನನ್ನು ಬಹಳ ದಿನ ಆಟ ಆಡಿಸಿದ್ದು ಹಿಂದಿನ ಬಾಕಿ. ಚೀಟಿಯ ಕೊನೆಯಲ್ಲಿ ಹೆಸರಿಲ್ಲದೆ ಸುಮ್ನೆ ಒಂದು ಅಂಕಿ ಇರುತ್ತದೆ, ಅಥವಾ "ಹಿ.ಬಾ." ಅಂತ ಗೀಚಿರುತ್ತಾರೆ. ಹೋದ ವಾರ 300ರ ಸಾಮಾನು ತಂದು 150 ಮಾತ್ರ ಕೊಟ್ಟಿರಿ ಅಂದುಕೊಳ್ಳಿ. ಈ ವಾರ 420ರ ಸಾಮಾನು ತಂದಿರಿ. ಅಂಗಡಿಯವರು ಅದಕ್ಕೆ ಹಳೇ 150 ಸೇರಿಸಿ 570 ಅಂತ ಬರೆಯುತ್ತಾರೆ. ಕೂಡಿ ನೋಡಿದರೆ ಚೀಟಿ ಸರಿಯಾಗೇ ಇದೆ. ಹಾಳೆಗೆ 300 ಒಂದು ಸಲ, 570 ಒಂದು ಸಲ ಇಳಿಸಿದರೆ 870 ಆಯಿತು. ನಿಜವಾಗಿ ಮನೆಗೆ ಬಂದದ್ದು 720ರ ಸಾಮಾನು. 150 ಎರಡು ಸಲ ಲೆಕ್ಕಕ್ಕೆ ಬಂದುಬಿಟ್ಟಿತು.

ಇದಕ್ಕೆ ದಾರಿ ಎರಡು. ಕೊಂಡದ್ದನ್ನು ಬರೆಯುವುದು, ಇಲ್ಲವೇ ಕೊಟ್ಟದ್ದನ್ನು ಬರೆಯುವುದು. ಕೊಂಡದ್ದು 300 ಮತ್ತು 420, ಕೊಟ್ಟದ್ದು 150 ಮತ್ತು 570. ಎರಡರಲ್ಲೂ 720 ಬರುತ್ತದೆ. ಒಂದು ಚೀಟಿಗೆ ಹೀಗೆ, ಇನ್ನೊಂದಕ್ಕೆ ಹಾಗೆ ಮಾಡಿದರೆ ಮಾತ್ರ ಕೆಟ್ಟಿತು. ನಾನು ಕೊಂಡದ್ದನ್ನೇ ಬರೆಯುತ್ತೇನೆ. ಯಾಕೆಂದರೆ 300ರಲ್ಲಿ 150 ಕೊಟ್ಟಾಗ, ಆ 150 ಸೋಪಿಗೆ ಕೊಟ್ಟದ್ದಾ, ಅಡುಗೆ ಸಾಮಾನಿಗೆ ಕೊಟ್ಟದ್ದಾ ಅಂತ ಯಾರು ಹೇಳಬೇಕು? ಬಾಕಿಯನ್ನು ಪೆನ್ಸಿಲಿನಿಂದ ಸುತ್ತು ಹಾಕಿ, ಅದನ್ನು ಬಿಟ್ಟು ಉಳಿದ 420ನ್ನು ಮಾತ್ರ ಹಾಳೆಗೆ ಇಳಿಸಿ.

ಈಗ ಹಾಳೆ. ನಾಲ್ಕು ಚೀಟಿ, ನಾಲ್ಕು ಕಾಲಂ ಸಾಕು: ಅಡುಗೆ, ಶುಚಿ, ಓದು, ರಿಪೇರಿ. ಮೊದಲ ಚೀಟಿಯ 610ರಲ್ಲಿ ಅಡುಗೆಗೆ 435, ಶುಚಿಗೆ 100, ಓದಿಗೆ 75. ಎರಡನೆಯ 300ರಲ್ಲಿ ಅಡುಗೆಗೆ 240, ಶುಚಿಗೆ 60. ಮೂರನೆಯ 420ರಲ್ಲಿ ಅಡುಗೆಗೆ 264, ಓದಿಗೆ 156. ನಾಲ್ಕನೆಯದರಲ್ಲಿ ರಿಪೇರಿ ಸಾಮಾನು 300, ಪೊರಕೆ ಬ್ರಷ್ಷು 70, ಕೊನೆಗೆ 20 ಬಿಟ್ಟಿದ್ದಾರೆ, ಒಟ್ಟು 350. ಬಿಟ್ಟ 20ನ್ನು ಹಂಚಲು ಕೂರಬೇಡಿ. ದೊಡ್ಡ ಭಾಗದಲ್ಲೇ ಕಳೆದುಬಿಡಿ, ರಿಪೇರಿ 280 ಆಗುತ್ತದೆ.

ಚೀಟಿಗಳ ಮೊತ್ತಗಳನ್ನು ಕೆಳಕ್ಕೆ ಕೂಡಿದರೆ 1680. ಕಾಲಂಗಳನ್ನು ಕೂಡಿದರೆ ಅಡುಗೆ 939, ಶುಚಿ 230, ಓದು 231, ರಿಪೇರಿ 280. ಈ ನಾಲ್ಕನ್ನೂ ಅಡ್ಡಕ್ಕೆ ಕೂಡಿದರೂ 1680 ಬರಬೇಕು. ಹಾಳೆಯ ಮೂಲೆಯಲ್ಲಿ ಎರಡು ದಾರಿಯಿಂದಲೂ ಒಂದೇ ಅಂಕಿಗೆ ತಲುಪಿದರೆ ತಾಳೆಯಾಯಿತು ಅಂತ ಅರ್ಥ.

ಆದರೆ ಅಡ್ಡಕ್ಕೆ ಕೂಡಿದಾಗ 1662 ಬಂತು ಅಂದುಕೊಳ್ಳಿ. 18 ಕಮ್ಮಿ. ಇಲ್ಲಿ ಬಹಳ ಜನ ಮೊದಲ ಚೀಟಿಯಿಂದ ಮತ್ತೆ ಶುರು ಮಾಡುತ್ತಾರೆ. ಬೇಡ. ಮೊದಲು ಆ 18ನ್ನು 9ರಿಂದ ಭಾಗಿಸಿ ನೋಡಿ. ಶೇಷ ಉಳಿಯದೆ ಭಾಗವಾದರೆ, ಎಲ್ಲೋ ಇಳಿಸುವಾಗ ಅಂಕಿ ಅದಲುಬದಲಾಗಿರುವ ಅನುಮಾನ ಬಲವಾಗಿರುತ್ತದೆ. ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ 9ರ ಮಗ್ಗಿಯಲ್ಲೇ ಇರುತ್ತದೆ. 18 ಅಂದರೆ ಎರಡು ಒಂಬತ್ತು. ಹಾಗಾದರೆ ಜಾಗ ಬದಲಿಸಿದ ಅಂಕಿಗಳ ನಡುವೆ ಅಂತರ 2. ಹತ್ತರ ಮತ್ತು ಬಿಡಿ ಸ್ಥಾನದಲ್ಲಿ ಅಂತಹ ಜೋಡಿ ಎಲ್ಲಿದೆ? 435ರಲ್ಲಿ 3 ಮತ್ತು 5, 75ರಲ್ಲಿ 7 ಮತ್ತು 5, ಆಮೇಲೆ ಅಡುಗೆ ಕಾಲಂನಲ್ಲಿ 246 ಅಂತ ಒಂದಿದೆ, ಅದರಲ್ಲಿ 4 ಮತ್ತು 6. ಲೆಕ್ಕ ಕಮ್ಮಿ ಬಂದಿದೆ, ಅಂದರೆ ಬರೆದದ್ದು ನಿಜಕ್ಕಿಂತ ಚಿಕ್ಕದು, ಅಂದರೆ ಮುಂದಿನ ಅಂಕಿ ಹಿಂದಿನದಕ್ಕಿಂತ ದೊಡ್ಡದಿರಬೇಕು. 75 ಹೊರಗೆ ಹೋಯಿತು. ಉಳಿದದ್ದು ಎರಡೇ ಚೀಟಿ. ಮೂರನೆಯದನ್ನು ತೆಗೆದು ನೋಡಿದರೆ 264 ಇದೆ, ನೀವು ಬರೆದದ್ದು 246. ಎರಡು ನಿಮಿಷದ ಕೆಲಸ!

9ರಿಂದ ಭಾಗವಾಗುವ ಇನ್ನೊಂದು ತಪ್ಪೂ ಇದೆ, ಸೊನ್ನೆ ಜಾಸ್ತಿ ಬಿದ್ದದ್ದು. 60ರ ಜಾಗದಲ್ಲಿ 600 ಬರೆದರೆ 540 ಹೆಚ್ಚು ಬರುತ್ತದೆ. 540ನ್ನು 9ರಿಂದ ಭಾಗಿಸಿದರೆ ಬರುವುದು 60, ಅದೇ ನಿಮ್ಮ ಸರಿಯಾದ ಅಂಕಿ.

9ರಿಂದ ಭಾಗವಾಗದಿದ್ದರೆ ವ್ಯತ್ಯಾಸದಷ್ಟೇ ಇರುವ ಅಂಕಿ ಹಾಳೆಯಲ್ಲೋ ಚೀಟಿಯಲ್ಲೋ ಇದೆಯಾ ನೋಡಿ, ಅದು ಬಿಟ್ಟುಹೋಗಿರುತ್ತದೆ ಅಥವಾ ಎರಡು ಸಲ ಬಂದಿರುತ್ತದೆ. ಅದೂ ಇಲ್ಲವಾದರೆ ವ್ಯತ್ಯಾಸವನ್ನು ಅರ್ಧ ಮಾಡಿ. 40 ಹೆಚ್ಚು ಬಂದಿದ್ದರೆ ಅರ್ಧ 20, ಅಂಗಡಿಯವರು ಬಿಟ್ಟದ್ದೂ 20. ಕಳೆಯುವ ಬದಲು ಕೂಡಿಬಿಟ್ಟಿದ್ದೀರಿ ಅಂತಾಯಿತು.

ಮೂಲೆ ತಾಳೆಯಾದರೂ ಎರಡು ತಪ್ಪು ಅದರ ಕೈಗೆ ಸಿಗುವುದಿಲ್ಲ. ಓದಿನ 75ನ್ನು ಶುಚಿಯ ಕಾಲಂಗೆ ಬರೆದರೆ ಮೊತ್ತ ಅಷ್ಟೇ ಇರುತ್ತದೆ. ಅದಕ್ಕೇ ಹಾಳೆಗೆ ಇಳಿಸುವ ಮೊದಲು ಚೀಟಿಯ ಮೇಲೇ ಪ್ರತಿ ಸಾಲಿನ ಮುಂದೆ ಅ, ಶು, ಓ, ರಿ ಅಂತ ಅಕ್ಷರ ಹಾಕಿಕೊಳ್ಳುತ್ತೇನೆ. ಸಾಮಾನು ನೋಡಿ ನಿರ್ಧರಿಸುವ ಕೆಲಸ ಬೇರೆ, ಅಂಕಿ ಇಳಿಸುವ ಕೆಲಸ ಬೇರೆ. ಎರಡನ್ನೂ ಒಟ್ಟಿಗೆ ಮಾಡಿದಾಗಲೇ ಕೈ ತಪ್ಪುವುದು.

ಇನ್ನೊಂದು, ಕಳೆದುಹೋದ ಚೀಟಿ. ಹಾಳೆಗೆ ಬಾರದ ಚೀಟಿಯ ಸುಳಿವನ್ನು ಹಾಳೆ ಕೊಡಲಾರದು. ತಿಂಗಳ ಮೊದಲು ಇದ್ದ ದುಡ್ಡಿಗೆ ಆಮೇಲೆ ಬಂದದ್ದನ್ನು ಕೂಡಿ, ಈಗ ಉಳಿದದ್ದನ್ನು ಕಳೆಯಿರಿ. ಅಷ್ಟು ಕೈಯಿಂದ ಹೋಗಿದೆ. ಹಾಳೆಯ ಮೊತ್ತಕ್ಕೆ ಹೋದ ತಿಂಗಳ ಬಾಕಿ ತೀರಿಸಿದ್ದನ್ನು ಕೂಡಿ, ಈ ತಿಂಗಳು ಇನ್ನೂ ಕೊಡದೆ ಉಳಿದದ್ದನ್ನು ಕಳೆದರೆ ಅದಕ್ಕೆ ಹೊಂದಬೇಕು. ಹೊಂದದೆ ಉಳಿದದ್ದನ್ನು "ಚೀಟಿ ಇಲ್ಲ" ಅಂತಲೇ ಬೇರೆ ಕಾಲಂನಲ್ಲಿ ಬರೆಯಿರಿ. "ಇತರೆ" ಅಂತ ಬರೆಯಬೇಡಿ, ಅಲ್ಲಿ ಬಿದ್ದದ್ದನ್ನು ಯಾರೂ ಮತ್ತೆ ಹುಡುಕುವುದಿಲ್ಲ. ನಾಲ್ಕು ದಿನ ಬಿಟ್ಟು ಒಗೆಯುವ ಬಟ್ಟೆಯ ಜೇಬಲ್ಲಿ ಆ ಚೀಟಿ ಸಿಕ್ಕರೆ, ಕೊನೆಯ ನಂಬರು ಕೊಟ್ಟು ಅದರ ಕಾಲಂಗೆ ಸೇರಿಸಿ, "ಚೀಟಿ ಇಲ್ಲ"ದಲ್ಲಿ ಅಷ್ಟು ಕಳೆಯಿರಿ.