13 ಜನ, 0.88: ಜರ್ನಲ್ ಕ್ಲಬ್‌ಗೆ ಒಂದು ಎಫ್‌ಎಂಆರ್‌ಐ ಪೇಪರ್ ಓದಿದ ಬಗೆ

ಸೈಕಿಯಾಟ್ರಿ ಪಿಜಿ ಮಾಡುವಾಗ ಜರ್ನಲ್ ಕ್ಲಬ್‌ನಲ್ಲಿ ನನ್ನ ಸರದಿ ಬಂತು. ಐಸೆನ್‌ಬರ್ಗರ್, ಲೀಬರ್‌ಮನ್, ವಿಲಿಯಮ್ಸ್ ಅವರು 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪೇಪರ್ ತೆಗೆದುಕೊಂಡೆ. ಸ್ಕ್ಯಾನರ್‌ನಲ್ಲಿ ಮಲಗಿದವರು ಕಂಪ್ಯೂಟರ್‌ನಲ್ಲಿ ಇನ್ನಿಬ್ಬರ ಜೊತೆ ಚೆಂಡು ಎಸೆದು ಆಡುತ್ತಾರೆ. ಆ ಇಬ್ಬರು ನಿಜಕ್ಕೂ ಬರೀ ಪ್ರೋಗ್ರಾಮ್. ಸ್ವಲ್ಪ ಹೊತ್ತಿಗೆ ಅವರು ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಆಗ ಮಿದುಳಿನ ಡಾರ್ಸಲ್ ಆಂಟೀರಿಯರ್ ಸಿಂಗ್ಯುಲೇಟ್ ಭಾಗದಲ್ಲಿ (ಮುಂದೆ ಡಿಎಸಿಸಿ ಅಂತೀನಿ) ಚಟುವಟಿಕೆ ಏರಿತು. ಯಾರಿಗೆ ಎಷ್ಟು ಬೇಜಾರಾಯಿತು ಎನ್ನುವುದರ ಜೊತೆ ಅದರ ಕೋರಿಲೇಷನ್ 0.88. ದೈಹಿಕ ನೋವಿನಲ್ಲೂ ಡಿಎಸಿಸಿ ಕೆಲಸ ಮಾಡುತ್ತದೆ, ಹಾಗಾಗಿ ಯಾರಾದರೂ ದೂರ ಇಟ್ಟಾಗಲೂ ನೋವಾಗುತ್ತದೆ ಎನ್ನುವುದು ವಾದ.

ಮೊದಲ ಸಲ ಓದಿದಾಗ ನಾನು ಪೂರ್ತಿ ಒಪ್ಪಿಬಿಟ್ಟಿದ್ದೆ. ಎರಡನೇ ಸಲ ಮೆಥಡ್ಸ್ ಭಾಗದಿಂದ ಶುರು ಮಾಡಿದೆ. ಸ್ಕ್ಯಾನ್ ಆದವರು 13 ಜನ. 13 ಜನರಲ್ಲಿ 0.88 ಬಂದರೆ 95% ಕಾನ್ಫಿಡೆನ್ಸ್ ಇಂಟರ್ವಲ್ ಎಷ್ಟು ಎಂದು ಲೆಕ್ಕ ಹಾಕಿದೆ: 0.64ರಿಂದ 0.96. ಅಗಲ ಇದೆ, ಆದರೂ ಕೆಳಗಿನ ತುದಿಯೇ ಗಟ್ಟಿಯಾಗಿದೆಯಲ್ಲ ಅನ್ನಿಸಿತು. ಅಲ್ಲೇ ಎಡವಿದ್ದೆ. ಈ ಲೆಕ್ಕ ನಡೆಯುವುದು ಯಾವ ಜಾಗವನ್ನು ಅಳೆಯಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಮಾತ್ರ. ಮಿದುಳಿನ ಸ್ಕ್ಯಾನ್ ಚಿತ್ರದ ಸಾವಿರಾರು ಪುಟ್ಟ ಘನಗಳಲ್ಲಿ, ಅಂದರೆ ವೋಕ್ಸೆಲ್‌ಗಳಲ್ಲಿ, ಹುಡುಕಿ, ಕೋರಿಲೇಷನ್ ಜಾಸ್ತಿ ಇರುವುದನ್ನೇ ಆರಿಸಿ, ಅದರ ಕೋರಿಲೇಷನ್ನನ್ನೇ ವರದಿ ಮಾಡಿದರೆ ಅದು ಸುತ್ತಿ ಬಂದು ಅಲ್ಲಿಗೇ ನಿಂತಂತೆ.

ಇದನ್ನು ಬಾಯಲ್ಲಿ ಹೇಳಿದರೆ ನನಗೇ ನಂಬಿಕೆ ಬರಲಿಲ್ಲ. ರಾತ್ರಿ ಕೂತು ಸುಮ್ನೆ ಒಂದು ಸಿಮ್ಯುಲೇಷನ್ ಬರೆದೆ. 13 ಜನ, 10,000 ವೋಕ್ಸೆಲ್, ಎಲ್ಲವೂ ಬರೀ ಗದ್ದಲ. ಆ ಕಾಲದಲ್ಲಿ ಅನೇಕರು ಬಳಸುತ್ತಿದ್ದ 0.005ರ ಪಿ ವ್ಯಾಲ್ಯೂ (ಒಂದು ಬದಿಯದು) ದಾಟಬೇಕಾದರೆ 13 ಜನರಲ್ಲಿ ಕೋರಿಲೇಷನ್ 0.684 ಮೀರಲೇಬೇಕು.

```python
import numpy as np
g = np.random.default_rng(1)
x = g.standard_normal(13)
d = g.standard_normal((13, 10000))
r = np.array([np.corrcoef(x, v)[0, 1] for v in d.T])
ok = r > 0.684
print(ok.sum(), r[ok].mean(), r.max())
```

ಸೀಡ್ ಬದಲಿಸಿ ಎಷ್ಟು ಸಲ ಓಡಿಸಿದರೂ ಸುಮಾರು 50 ವೋಕ್ಸೆಲ್ ಪಾಸಾಗುತ್ತವೆ. ಅವುಗಳ ಸರಾಸರಿ ಕೋರಿಲೇಷನ್ 0.73ರ ಆಸುಪಾಸು. ಯಾವ ಸಂಬಂಧವೂ ಇಲ್ಲದ ಡೇಟಾದಲ್ಲಿ! ಅವೇ ವೋಕ್ಸೆಲ್‌ಗಳನ್ನು ಬೇರೆ 13 ಜನರಲ್ಲಿ ನೋಡಿದರೆ ಸರಾಸರಿ ಸೊನ್ನೆಯ ಹತ್ತಿರ ಬೀಳುತ್ತದೆ. ಸ್ಯಾಂಪಲ್ ಚಿಕ್ಕದಾದಷ್ಟೂ ಈ ಗೆರೆ ಮೇಲೇರುತ್ತದೆ. ಅಂದರೆ ಚಿಕ್ಕ ಸ್ಯಾಂಪಲ್‌ನಲ್ಲಿ ಗೆರೆ ದಾಟುವುದೆಲ್ಲ ದೊಡ್ಡದಾಗಿಯೇ ಕಾಣುತ್ತದೆ, ಬೇರೆ ದಾರಿಯೇ ಇಲ್ಲ.

2009ರಲ್ಲಿ ವುಲ್ ಮತ್ತು ಸಂಗಡಿಗರು ಎತ್ತಿದ ಆಕ್ಷೇಪ ಇದೇ; ಅವರ ಉದಾಹರಣೆಗಳಲ್ಲಿ ಈ 0.88 ಕೂಡ ಇತ್ತು. ಅಳತೆಗಳೇ ಪೂರ್ತಿ ನಂಬುವಂಥವಲ್ಲ ಎನ್ನುವುದನ್ನೂ ಅವರು ಲೆಕ್ಕಕ್ಕೆ ತಂದರು. ಪ್ರಶ್ನಾವಳಿಯ ವಿಶ್ವಾಸಾರ್ಹತೆ 0.8, ಎಫ್‌ಎಂಆರ್‌ಐದು 0.7 ಎಂದಿಟ್ಟುಕೊಂಡರೆ ಕೋರಿಲೇಷನ್ ಸರಾಸರಿಯಲ್ಲಿ 0.75 ದಾಟುವ ಹಾಗಿಲ್ಲ. ಲೀಬರ್‌ಮನ್ ಮತ್ತಿತರರು ಉತ್ತರ ಕೊಟ್ಟರು: ಸಂಬಂಧ ಎಲ್ಲಿದೆ ಎಂದು ಹುಡುಕುವುದೇ ಇಂಥ ವಿಶ್ಲೇಷಣೆಯ ಉದ್ದೇಶ, ಎಷ್ಟಿದೆ ಎಂದು ಅಳೆಯುವುದಲ್ಲ. ಇದು ನ್ಯಾಯವಾದ ಮಾತು. ಹೊರಗಿಟ್ಟ ಆಟ, ಸೇರಿಸಿಕೊಂಡ ಆಟ ಎರಡನ್ನೂ ಹೋಲಿಸಿದ ಫಲಿತಾಂಶ ಈ ಕೋರಿಲೇಷನ್ ಮೇಲೆ ನಿಂತಿಲ್ಲ ಎನ್ನುವುದನ್ನೂ ನಾನು ಹೇಳಿದೆ. ನನಗೆ ಒಪ್ಪಿಗೆಯಾಗದ್ದು 0.88ನ್ನು ಪರಿಣಾಮದ ಅಳತೆ ಎಂದು ಓದುವುದು.

ಕೊನೆಗೆ ಉಳಿದದ್ದು ರಿವರ್ಸ್ ಇನ್ಫರೆನ್ಸ್. ನೋವಾದಾಗ ಡಿಎಸಿಸಿ ಏಳುತ್ತದೆ, ಸರಿ. ಡಿಎಸಿಸಿ ಎದ್ದರೆ ನೋವೇ ಇರಬೇಕಾ? ಸಭೆಯಲ್ಲಿ ಬೋರ್ಡ್ ಮೇಲೆ ಬರೀ ಊಹೆಯ ಅಂಕಿ ಬರೆದೆ: ನೋವಿನ 100 ಪ್ರಯೋಗಗಳಲ್ಲಿ 60ರಲ್ಲಿ ಈ ಜಾಗ ಬೆಳಗುತ್ತದೆ, ನೋವಿಲ್ಲದ 400ರಲ್ಲಿ 120ರಲ್ಲಿ. ಒಟ್ಟು 180ರಲ್ಲಿ ನೋವಿನವು 60, ಮೂರರಲ್ಲಿ ಒಂದು. ತಪ್ಪು ಮಾಡಿದಾಗ, ಗೊಂದಲವಾದಾಗ, ಅಂದುಕೊಂಡದ್ದು ಆಗದಿದ್ದಾಗಲೂ ಡಿಎಸಿಸಿ ಏಳುತ್ತದೆ. ಚೆಂಡು ಬರುತ್ತದೆ ಎಂದು ಕಾಯುತ್ತಿದ್ದವರಿಗೆ ಬರಲಿಲ್ಲ. ಅದೂ ಅಂದುಕೊಂಡದ್ದು ಆಗದಿರುವುದೇ ಅಲ್ವಾ?

ಇದರ ಸುಳಿವು ಪೇಪರ್‌ನಲ್ಲೇ ಇತ್ತು. ಒಂದು ಸುತ್ತಿನಲ್ಲಿ ತಾಂತ್ರಿಕ ತೊಂದರೆಯಿಂದ ನೀವು ಆಡಲಾಗುವುದಿಲ್ಲ, ನೋಡುತ್ತಿರಿ ಎಂದು ಹೇಳಿದ್ದರು. ಯಾರೂ ಬೇಕೆಂದು ದೂರ ಇಟ್ಟಿರಲಿಲ್ಲ. ಆಗಲೂ ಡಿಎಸಿಸಿ ಎದ್ದಿತ್ತು. ಒಬ್ಬ ಸೀನಿಯರ್ ಮೇಡಂ, "ಸುಮ್ಮನೆ ನೋಡುತ್ತಾ ಕೂರುವುದೂ ಬೇಜಾರೇ ಅಲ್ವೇನಪ್ಪಾ?" ಎಂದು ಕೇಳಿದರು. ಇರಬಹುದು ಮೇಡಂ, ಆದರೆ ಈ ಡೇಟಾದಿಂದ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ ಎಂದೆ. ಬೇರ್ಪಡಿಸಲು ಹೊರಟವರು ವೂ ಮತ್ತು ಸಂಗಡಿಗರು, 2014ರಲ್ಲಿ. ಸುಮಾರು 60 ಜನರಿಗೆ ಒಮ್ಮೆ ಬಿಸಿ ತಾಗಿಸಿ, ಇನ್ನೊಮ್ಮೆ ಬಿಟ್ಟುಹೋದ ಸಂಗಾತಿಯ ಫೋಟೋ ತೋರಿಸಿದರು. ಡಿಎಸಿಸಿ ಎರಡಕ್ಕೂ ಎದ್ದಿತು, ಆದರೆ ಅದರೊಳಗಿನ ವೋಕ್ಸೆಲ್‌ಗಳ ಮಾದರಿ ಎರಡಕ್ಕೂ ಬೇರೆ ಬೇರೆಯಾಗಿತ್ತು.