ಬಾಡಿಗೆ ಕರಾರಿಗೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ತಾಳೆ ಹಾಕಿದ್ದು: ನನ್ನ ಅನುಭವ

ನಾನು ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದವನು. ಹೀಗಾಗಿ 2024-25ರ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಕಚೇರಿಯವರು ಬಾಡಿಗೆ ಕರಾರು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಕೇಳಿದರು. ಬೆಂಗಳೂರಿನ ವಿಜಯನಗರದ ಮನೆಯ ಮಾಲೀಕರಿಗೆ ವರ್ಷದಲ್ಲಿ ಹೋದ ಒಟ್ಟು ಹಣ 2,78,000 ರೂಪಾಯಿ. ಆದರೆ ಅದಷ್ಟೂ ಬಾಡಿಗೆಯಲ್ಲ.

ನಮ್ಮದು 11 ತಿಂಗಳ ಕರಾರು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಮೊದಲ ಕರಾರು 2024ರ ಜುಲೈಗೆ ಮುಗಿದದ್ದರಿಂದ, ಒಂದೇ ಆರ್ಥಿಕ ವರ್ಷಕ್ಕೆ ಎರಡು ಕರಾರುಗಳು ಬೇಕಾದವು. ಜುಲೈವರೆಗೆ ಬಾಡಿಗೆ 20,000, ಆಗಸ್ಟಿನಿಂದ ಶೇ. 5 ಹೆಚ್ಚಿ 21,000. ಇದರ ಜೊತೆಗೆ ಮೇಂಟೆನೆನ್ಸ್ 2,500 ಎಂದು ಎರಡರಲ್ಲೂ ಪ್ರತ್ಯೇಕ ಕಲಮು ಇತ್ತು.

ಪ್ರತಿ ವರ್ಗಾವಣೆಯ ಎದುರು ಅದು ಯಾವ ತಿಂಗಳಿನದು, ಬಾಡಿಗೆ ಎಷ್ಟು, ಮೇಂಟೆನೆನ್ಸ್ ಎಷ್ಟು ಎಂದು ಬರೆಯುತ್ತಾ ಹೋದೆ. ಹೊಸ ಕರಾರಿಗೆ ಸಹಿಯಾದದ್ದು ತಡವಾಗಿದ್ದರಿಂದ ಆಗಸ್ಟಿನಲ್ಲಿ ಹಳೆಯ ದರದಂತೆ 22,500 ಹೋಗಿತ್ತು. ಬಾಕಿ ಸಾವಿರ ಸೇರಿ ಸೆಪ್ಟೆಂಬರಿನಲ್ಲಿ 24,500 ಹೋಗಿತ್ತು. ಸ್ಟೇಟ್‌ಮೆಂಟ್ ಮಾತ್ರ ನೋಡುವವರಿಗೆ ಈ ಎರಡೂ ಸಾಲುಗಳು ಕರಾರಿಗೆ ಹೊಂದುವುದಿಲ್ಲ; ಸೆಪ್ಟೆಂಬರಿನ ಸಾವಿರವನ್ನು ಆಗಸ್ಟಿನ ಖಾನೆಗೆ ಹಾಕಿದ ಕೂಡಲೇ ಎರಡೂ ತಿಂಗಳು 21,000ಕ್ಕೆ ಸರಿಹೋದವು.

ಕೊನೆಗೆ ಬಾಡಿಗೆ ನಾಲ್ಕು ತಿಂಗಳಿಗೆ 80,000, ಎಂಟು ತಿಂಗಳಿಗೆ 1,68,000, ಒಟ್ಟು 2,48,000 ಆಯಿತು. ಉಳಿದ 30,000 ಸರಿಯಾಗಿ ಹನ್ನೆರಡು ತಿಂಗಳ ಮೇಂಟೆನೆನ್ಸ್. ವ್ಯತ್ಯಾಸಕ್ಕೆ ಹೀಗೆ ಪೂರ್ತಿ ಲೆಕ್ಕ ಸಿಗುವವರೆಗೆ ತಾಳೆಯಾಯಿತು ಎಂದು ನಾನು ಒಪ್ಪುವುದಿಲ್ಲ.

ಆ 30,000ವನ್ನು ಬಿಟ್ಟದ್ದರ ಪರಿಣಾಮ ನೇರವಾಗಿ ವಿನಾಯಿತಿಯ ಮೇಲೇ ಇತ್ತು. ನನ್ನ ಮೂಲ ವೇತನ ವರ್ಷಕ್ಕೆ 6,00,000; ಸಿಕ್ಕ ಭತ್ಯೆ 2,40,000. ಆ ವರ್ಷ ಬೆಂಗಳೂರಿಗೆ ಅನ್ವಯಿಸುತ್ತಿದ್ದ ಶೇ. 40ರ ಮಿತಿಯೂ 2,40,000ವೇ. ಬಾಡಿಗೆಯಲ್ಲಿ ವೇತನದ ಶೇ. 10, ಅಂದರೆ 60,000 ಕಳೆದರೆ 1,88,000. ಮೂರರಲ್ಲಿ ಕಡಿಮೆಯಾದ ಇದೇ ವಿನಾಯಿತಿ. ಮೇಂಟೆನೆನ್ಸನ್ನೂ ಸೇರಿಸಿದ್ದರೆ ಅದು 2,18,000 ಎಂದು ತಪ್ಪಾಗಿ ಏರುತ್ತಿತ್ತು.

ಇನ್ನೊಂದು ತೊಡಕು ಹೆಸರಿನದು. ಡಿಸೆಂಬರಿನಲ್ಲಿ ಮಾಲೀಕರು ಫೋನ್ ಮಾಡಿ, "ಈ ಸಲ ನಮ್ಮ ಮನೆಯವರ ಖಾತೆಗೆ ಹಾಕಿಬಿಡಿ ಸರ್" ಎಂದಿದ್ದರು. ಕರಾರಿನಲ್ಲಿರುವುದು ಅವರ ಹೆಸರು, ಆ ಸಾಲಿನಲ್ಲಿರುವುದು ಅವರ ಪತ್ನಿಯ ಹೆಸರು. ವರ್ಗಾವಣೆಯ ದಿನಾಂಕ, ಮೊತ್ತ, ಉಲ್ಲೇಖ ಸಂಖ್ಯೆಗಳನ್ನು ನಮೂದಿಸಿ, ಅದು ತಮಗೆ ಸಲ್ಲಬೇಕಾದ ಡಿಸೆಂಬರ್ ಬಾಡಿಗೆ ಮತ್ತು ಮೇಂಟೆನೆನ್ಸ್ ಎಂದು ಮಾಲೀಕರಿಂದಲೇ ಸಹಿ ಮಾಡಿಸಿಕೊಂಡೆ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದ್ದರಿಂದ ಅವರ ಪ್ಯಾನ್ ಸಂಖ್ಯೆ ಹೇಗೂ ಬೇಕಿತ್ತು. ಅದನ್ನೂ ಆಗಲೇ ಪಡೆದು, ನಮೂನೆ 12ಬಿಬಿಯಲ್ಲಿ 2,48,000 ಎಂದು ತುಂಬಿ, ಎರಡೂ ಕರಾರುಗಳೊಂದಿಗೆ ತಾಳೆಪಟ್ಟಿಯನ್ನು ಲಗತ್ತಿಸಿದೆ.