ಮೈದಾ ಮೊಗೆಯಬೇಡಿ, ಚಮಚದಲ್ಲಿ ತುಂಬಿಸಿ

ಡಿಸೆಂಬರ್ ಬಂತೆಂದರೆ ಮಂಗಳೂರಿನಲ್ಲಿ ಕ್ರಿಸ್ಮಸ್ ತಿಂಡಿ ಕುಸ್ವಾರ್ ಮಾಡುವ ಮನೆಗಳಲ್ಲಷ್ಟೇ ಅಲ್ಲ, ನಮ್ಮಂಥವರ ಮನೆಯಲ್ಲೂ ಮಕ್ಕಳು ಕೇಕ್, ಕುಕೀಸ್ ಅಂತ ಓವನ್ ಹಚ್ಚುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು, "ದೊಡ್ಡಮ್ಮ, ರೆಸಿಪಿಯಲ್ಲಿ ಇದ್ದ ಹಾಗೇ ಹಾಕಿದ್ದೇನೆ, ಆದರೂ ಒಣ ಒಣ" ಅನ್ನುತ್ತಾರೆ. ಓವನ್ನನ್ನು ಬೈಯುವ ಮೊದಲು ಮೈದಾ ಹೇಗೆ ಅಳೆದಿರಿ ಅಂತ ನೋಡಿ.

ಪಕ್ಕದ ಮನೆಯ ಹುಡುಗಿ ಮೊನ್ನೆ ಕಪ್ಪನ್ನೇ ಡಬ್ಬಕ್ಕೆ ಇಳಿಸಿ, ಡಬ್ಬದ ಗೋಡೆಗೆ ಒತ್ತಿ ಮೊಗೆದಳು. ಹಾಗೆ ಎರಡು ಕಪ್ ತೆಗೆದು ತಕ್ಕಡಿಯಲ್ಲಿ ಇಟ್ಟರೆ 290 ಗ್ರಾಂ. ಅದೇ ಮೈದಾವನ್ನು ಚಮಚದಲ್ಲಿ ತುಂಬಿಸಿದಾಗ 250 ಗ್ರಾಂ ಬಂತು. ಕಪ್ ಅದೇ, ಲೆಕ್ಕವೂ ಎರಡೇ. ಆದರೆ 40 ಗ್ರಾಂ, ಅಂದರೆ ಕಾಲು ಕಪ್ಪಿಗಿಂತ ಜಾಸ್ತಿ ಹಿಟ್ಟು, ಸುಮ್ನೆ ಒಳಗೆ ಹೋಗುತ್ತಿತ್ತು.

ಸಕ್ಕರೆಗೆ ಈ ತೊಂದರೆ ಇಲ್ಲ, ಅದು ಹರಳು. ಮೈದಾ ಒತ್ತಿದಷ್ಟೂ ಕುಗ್ಗುತ್ತದೆ. ಅಂಗಡಿಯ ಪ್ಯಾಕೆಟ್ಟಿನಲ್ಲಿ ಒಂದರ ಮೇಲೊಂದು ಕೂತು ಬಂದದ್ದು ಮೊದಲೇ ಗಟ್ಟಿಯಾಗಿರುತ್ತದೆ.

ಚಪಾತಿಗೆ ಹಿಟ್ಟು ಜಾಸ್ತಿಯಾದರೆ ಕೈಗೆ ಗೊತ್ತಾಗುತ್ತದೆ, ಇನ್ನಷ್ಟು ನೀರು ಹಾಕುತ್ತೇವೆ, ಅಲ್ವಾ? ಕೇಕಿನಲ್ಲಿ ಹಾಲು, ಮೊಟ್ಟೆ, ಬೆಣ್ಣೆ ಎಲ್ಲ ಅಳತೆ ಪ್ರಕಾರ. ಜಾಸ್ತಿಯಾದ ಮೈದಾ ಆ ತೇವವನ್ನೇ ಹೀರಿಕೊಳ್ಳುತ್ತದೆ. ಕೇಕಿನ ನಡು ಗುಡ್ಡೆಯ ಹಾಗೆ ಉಬ್ಬಿ ಬಿರಿಯುತ್ತದೆ, ಕತ್ತರಿಸಿದರೆ ಪುಡಿ ಉದುರುತ್ತದೆ. ಕುಕೀಸ್ ಆದರೆ ಹರಡುವುದೇ ಇಲ್ಲ. ಉಂಡೆ ಇಟ್ಟದ್ದು ಉಂಡೆಯಾಗಿಯೇ ಬೆಂದು, ಅಂಚು ಒಡೆದಿರುತ್ತದೆ. ಬೇಯಿಸುವ ಹೊತ್ತು ಕಡಿಮೆ ಮಾಡಿದರೆ ಇದು ಸರಿಯಾಗುವುದಿಲ್ಲ, ನಡು ಹಸಿ ಉಳಿಯುತ್ತದೆ ಅಷ್ಟೇ.

ಅಳೆಯುವುದು ಹೀಗೆ: ಮೊದಲು ಡಬ್ಬದ ತಳದವರೆಗೆ ಚಮಚ ಆಡಿಸಿ ಮೈದಾ ಸಡಿಲ ಮಾಡಿ. ಕಪ್ಪನ್ನು ತಟ್ಟೆಯ ಮೇಲಿಟ್ಟು, ಚಮಚದಿಂದ ಮೆಲ್ಲಗೆ ಉದುರಿಸುತ್ತಾ ಅಂಚು ದಾಟುವಷ್ಟು ತುಂಬಿಸಿ. ಕುಟ್ಟಬೇಡಿ, ಅಲ್ಲಾಡಿಸಬೇಡಿ, ಒಮ್ಮೆ ನೆಲಕ್ಕೆ ಕುಟ್ಟಿದರೂ ಹಿಟ್ಟು ಕೆಳಗಿಳಿದು ಇನ್ನೊಂದಿಷ್ಟು ಹಿಡಿಯುತ್ತದೆ. ಆಮೇಲೆ ಚಾಕುವಿನ ಬೆನ್ನಿನಿಂದ ಮೇಲಿನದ್ದನ್ನು ಸವರಿ ತೆಗೆಯಿರಿ. ಚಹಾದ ಕಪ್ ಬೇಡ, ಅಳತೆಯ ಕಪ್ಪೇ ಇರಲಿ.

ಆದರೆ ಎಲ್ಲ ರೆಸಿಪಿಗೂ ಇದೇ ಸರಿ ಅಂತ ತಿಳಿಯಬೇಡಿ. ಕೆಲವರು ಮೊಗೆದೇ ಲೆಕ್ಕ ಬರೆದಿರುತ್ತಾರೆ. ಕಪ್ಪಿನ ಪಕ್ಕ 120 ಅಥವಾ 125 ಗ್ರಾಂ ಅಂತ ಇದ್ದರೆ ಚಮಚದ ಅಳತೆ, 140ರಿಂದ 150 ಇದ್ದರೆ ಮೊಗೆದದ್ದು. ಗ್ರಾಂ ಕೊಟ್ಟಿದ್ದರೆ ಕಪ್ಪನ್ನು ಬದಿಗಿಟ್ಟು ತೂಕ ಮಾಡುವುದೇ ಒಳ್ಳೆಯದು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು.

ಕುಕೀಸ್ ಹಿಟ್ಟು ಈಗಾಗಲೇ ಬಿರುಸಾಗಿ ಒಡೆಯುತ್ತಿದೆಯಾ? ಒಂದು ಚಮಚ ಹಾಲು ಹಾಕಿ ಕಲಸಿ ನೋಡಿ, ಸಾಲದಿದ್ದರೆ ಇನ್ನೊಂದು. ಆಮೇಲೆ ಒಂದೇ ಒಂದು ಕುಕೀಯನ್ನು ಮೊದಲು ಬೇಯಿಸಿ. ಅದು ಹರಡಿದರೆ ಉಳಿದದ್ದನ್ನು ಟ್ರೇಗೆ ಇಡಿ.